ಸದ್ದು ಮಾಡದ ಸಿನಿಮಾ ಕಂಪ್ಯೂಟರಿಗೆ ಎಂಥ ಪ್ರೊಸೆಸರ್?

ಟಿವಿ ಪಕ್ಕದಲ್ಲಿ ಕೂರುವ ಕಂಪ್ಯೂಟರಿನ ಕೆಲಸ ಹೆಚ್ಚೇನಿಲ್ಲ. 4ಕೆ ಸಿನಿಮಾ ತಡವರಿಸದೆ ಓಡಬೇಕು, ತೆರೆಯ ಮೇಲೆ ಪಾತ್ರಗಳು ಪಿಸುಗುಟ್ಟುವಾಗ ಫ್ಯಾನ್ ಗುಂಯ್‌ಗುಡಬಾರದು. ಅಂಗಡಿಯಲ್ಲಿ ಮಾತ್ರ ಮಾತು ಬೇರೆಯೇ: ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್. ಈ ಕೆಲಸಕ್ಕೆ ಆ ಎರಡು ಲೆಕ್ಕಗಳೂ ಅಷ್ಟಾಗಿ ಬೇಕಿಲ್ಲ.

4ಕೆ ಚಿತ್ರದ ಒಂದೊಂದು ಫ್ರೇಮಿನಲ್ಲೂ ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ. ಸೆಕೆಂಡಿಗೆ 60 ಫ್ರೇಮಿನ ವಿಡಿಯೋ ಆದರೆ ಪ್ರತಿ ಸೆಕೆಂಡಿಗೆ ಸುಮಾರು 50 ಕೋಟಿ. ಇಷ್ಟನ್ನೂ ಹಿಂಡಿ ಚಿಕ್ಕದು ಮಾಡಿಟ್ಟ ಫೈಲನ್ನು ಓಡುತ್ತಿರುವಾಗಲೇ ಬಿಚ್ಚಬೇಕು. ಆ ಕೆಲಸವನ್ನು ಪ್ರೊಸೆಸರಿನ ಕೋರ್‌ಗಳೇ ಮಾಡಬಹುದು, ಆದರೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಚಿಪ್ ಕಾಯುತ್ತದೆ, ಫ್ಯಾನ್ ಎದ್ದು ಕೂಗುತ್ತದೆ. ಇಲ್ಲವೇ ಚಿಪ್‌ನೊಳಗಿನ ಗ್ರಾಫಿಕ್ಸ್ ಭಾಗದಲ್ಲಿ ಇದಕ್ಕೆಂದೇ ಇರುವ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ಮಾಡಬಹುದು. ಅದಕ್ಕೆ ತಗಲುವ ವಿದ್ಯುತ್ ತೀರಾ ಕಡಿಮೆ. ಒಂದೇ ತೊಂದರೆ ಎಂದರೆ, ತಯಾರಾಗುವಾಗ ಯಾವ ಕೋಡೆಕ್‌ಗಳನ್ನು ಅದರಲ್ಲಿ ಅಳವಡಿಸಿದ್ದಾರೋ ಅಷ್ಟನ್ನೇ ಅದು ಬಿಚ್ಚಬಲ್ಲದು. ಮುಂದೆ ಯಾವ ಸಾಫ್ಟ್‌ವೇರ್ ಹಾಕಿದರೂ ಹೊಸದು ಸೇರುವುದಿಲ್ಲ.

ಇಂಟೆಲ್ ಚಿಪ್‌ಗಳ ಚರಿತ್ರೆಯನ್ನೇ ನೋಡಿ. 2013ರ ನಾಲ್ಕನೇ ತಲೆಮಾರಿನ ಐ5 ಹಳೆಯ ಎಚ್.264 ಕೋಡೆಕ್ಕನ್ನು ಚೆನ್ನಾಗಿ ಬಿಚ್ಚುತ್ತದೆ, ಎಚ್‌ಇವಿಸಿ ಬಂದರೆ ಕೋರ್‌ಗಳ ಮೇಲೆ ಭಾರ ಹಾಕುತ್ತದೆ. 2015ರ ಆರನೇ ತಲೆಮಾರು ಎಚ್‌ಇವಿಸಿ ಕಲಿತಿತು, ಆದರೆ 8 ಬಿಟ್‌ನದು ಮಾತ್ರ. ಎಚ್‌ಡಿಆರ್ ಸಿನಿಮಾಗಳು 10 ಬಿಟ್‌ನವು, ಅವಕ್ಕೆ ಏಳನೇ ತಲೆಮಾರೇ ಬೇಕು. ಯೂಟ್ಯೂಬ್ ತನ್ನ 4ಕೆ ವಿಡಿಯೋಗಳನ್ನು ವಿಪಿ9 ಅಥವಾ ಎವಿ1ನಲ್ಲಿ ಕಳಿಸುತ್ತದೆ. ಈ ಎವಿ1 ಬಿಚ್ಚುವ ಡಿಕೋಡರ್ ಇಂಟೆಲ್‌ನಲ್ಲಿ ಬಂದದ್ದು 2020ರ ಹನ್ನೊಂದನೇ ತಲೆಮಾರಿನಿಂದ. ಎಎಂಡಿಯ ರೈಜೆನ್ 5 5600ಜಿ ಬಲವಾದ ಚಿಪ್, ಆದರೂ ಅದರ ಡಿಕೋಡರಿಗೆ ಎವಿ1 ಗೊತ್ತಿಲ್ಲ. ಆರು ಕೋರ್‌ಗಳ ಬಲದಿಂದ ಹೇಗೋ ನಿಭಾಯಿಸೀತು, ಸದ್ದು ಮಾತ್ರ ತಪ್ಪದು. ಪೆಟ್ಟಿಗೆಯ ಮೇಲೆ ‘4ಕೆ ಸಪೋರ್ಟ್’ ಎಂದು ಬರೆದಿದ್ದರೆ, 4ಕೆ ತೆರೆಗೆ ಚಿತ್ರ ಕಳಿಸಬಲ್ಲದು ಎಂದಷ್ಟೇ ತಿಳಿಯಿರಿ. ಎಲ್ಲ 4ಕೆ ಫೈಲನ್ನೂ ಬಿಚ್ಚಬಲ್ಲದು ಎಂದಲ್ಲ.

ಹೀಗಾಗಿ ನನ್ನ ಆಯ್ಕೆ 2023ರಲ್ಲಿ ಬಂದ ಇಂಟೆಲ್ ಎನ್100. ನಾಲ್ಕೇ ಕೋರ್, ಕಾಗದದ ಮೇಲೆ 6 ವಾಟ್. ಆದರೆ 10 ಬಿಟ್ ಎಚ್‌ಇವಿಸಿ, ವಿಪಿ9, ಎವಿ1 ಮೂರನ್ನೂ ಅದರ ಡಿಕೋಡರ್ ಬಿಚ್ಚುತ್ತದೆ. ಅದಕ್ಕಿಂತ ಸ್ವಲ್ಪ ಮೊದಲು ಬಂದ, ಇಂದಿಗೂ ಅಗ್ಗದ ಮಿನಿ ಪಿಸಿಗಳಲ್ಲಿ ಕಾಣುವ ಎನ್5105ಗೆ ಎವಿ1 ಬಾರದು. ನೋಡಲು ಎರಡೂ ಒಂದೇ ಥರದ ಡಬ್ಬಿಗಳು, ಹುಷಾರು.

ಸದ್ದಿನ ವಿಷಯಕ್ಕೆ ಬಂದರೆ, ಎನ್100 ಇದೆ ಎಂದಮಾತ್ರಕ್ಕೆ ಯಂತ್ರ ಮೌನವಾಗಿರುತ್ತದೆ ಎನ್ನುವಂತಿಲ್ಲ. ಅಂಗೈಯಗಲದ ಮಿನಿ ಪಿಸಿಗಳಲ್ಲಿ ಕೂರಿಸುವ ಸಣ್ಣ ಫ್ಯಾನ್ ವೇಗವಾಗಿ ತಿರುಗಿ ಕೀರಲು ದನಿ ಹೊರಡಿಸುತ್ತದೆ. ವೇಗ ಹೆಚ್ಚಲೆಂದು ತಯಾರಕರು 6 ವಾಟಿನ ಮಿತಿಯನ್ನು ಏರಿಸಿಯೂ ಇರುತ್ತಾರೆ. ಅದಕ್ಕಿಂತ ಎಎಸ್‌ರಾಕ್ ಕಂಪನಿಯ ಎನ್100ಡಿಸಿ-ಐಟಿಎಕ್ಸ್‌ನಂಥ ಬೋರ್ಡು ಮೇಲು. ಪ್ರೊಸೆಸರ್ ಬೋರ್ಡಿಗೇ ಅಂಟಿಕೊಂಡಿರುತ್ತದೆ, ಮೇಲೆ ಫ್ಯಾನ್ ಇಲ್ಲದ ಹೀಟ್‌ಸಿಂಕ್. ಲ್ಯಾಪ್‌ಟಾಪಿನಂತೆ 19 ವೋಲ್ಟ್ ಅಡಾಪ್ಟರಿನಿಂದ ಓಡುವುದರಿಂದ ಎಸ್‌ಎಂಪಿಎಸ್‌ನ ಫ್ಯಾನೂ ಇಲ್ಲ. ಇದಕ್ಕೆ 8 ಜಿಬಿಯ ಒಂದು ಮೆಮೊರಿ, ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ತಿರುಗುವ ಭಾಗವೇ ಉಳಿಯುವುದಿಲ್ಲ. ಆದರೆ ಗಾಳಿಯಾಡದ ಟಿವಿ ಕಪಾಟಿನೊಳಗೆ ಮುಚ್ಚಿಡಬೇಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೀಟ್‌ಸಿಂಕಿನ ಮೇಲೆ ಒಂದು ಗೇಣಾದರೂ ಜಾಗ ಬಿಡಿ. ಬಿಸಿ ಮಿತಿಮೀರಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅರ್ಧ ಗಂಟೆ ಚೆನ್ನಾಗಿ ಓಡಿದ ಸಿನಿಮಾ ಆಮೇಲೆ ಮುಗ್ಗರಿಸಿದರೆ ಮೊದಲು ಈ ಬಿಸಿಯನ್ನೇ ಅನುಮಾನಿಸಿ.

ಎನ್100ರ ಮಿತಿಗಳೂ ಗೊತ್ತಿರಲಿ. ಎಚ್‌ಡಿಆರ್ ಚಿತ್ರವನ್ನು ಸಾಮಾನ್ಯ ಟಿವಿಗೆ ಒಗ್ಗಿಸಿ ತೋರಿಸುವ, ಹಳೆಯ ಚಿತ್ರವನ್ನು ತಿದ್ದಿ ತೀಡಿ ಹಿಗ್ಗಿಸುವ ಭಾರಿ ಫಿಲ್ಟರ್‌ಗಳು ಡಿಕೋಡರಿನ ಕೆಲಸವಲ್ಲ. ಅವು ಗ್ರಾಫಿಕ್ಸ್ ಕೋರ್‌ಗಳ ಮೇಲೆ ಬೀಳುತ್ತವೆ, ಅಲ್ಲಿ ಈ ಚಿಪ್ ಬಡವ. ನೆಟ್‌ಫ್ಲಿಕ್ಸ್‌ನ 4ಕೆ ಬೇಕಿದ್ದರೆ ವಿಂಡೋಸ್ ಇರಬೇಕು. ಲಿನಕ್ಸ್ ಬ್ರೌಸರಿನಲ್ಲಿ ಅದು ಸಿಗುವುದಿಲ್ಲ. ಎಚ್‌ಡಿಎಂಐ ಕಿಂಡಿ 2.0 ಆದರೂ ಆಗಿರಲಿ. 1.4ರದಾದರೆ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮಿಗೇ ನಿಲ್ಲುತ್ತದೆ.

ಕೊಳ್ಳುವ ಮುನ್ನ ಪರೀಕ್ಷಿಸುವುದು ಸುಲಭ. ಯೂಟ್ಯೂಬಿನಲ್ಲಿ 4ಕೆ 60 ಫ್ರೇಮಿನ ವಿಡಿಯೋ ಹಾಕಿಸಿ, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ Stats for nerds ತೆರೆಯಿರಿ. ಕೋಡೆಕ್ ಸಾಲಿನಲ್ಲಿ av01 ಕಂಡರೆ ಅದು ಎವಿ1. ನಂತರ ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಪುಟಕ್ಕೆ ಹೋಗಿ. Video Decode ಗೆರೆ ಏರಿ, ಸಿಪಿಯು ಕೆಳಗೇ ಇದ್ದರೆ ಡಿಕೋಡರ್ ದುಡಿಯುತ್ತಿದೆ ಎಂದರ್ಥ. ಆ ಗೆರೆ ನೆಲಕ್ಕಂಟಿ ಸಿಪಿಯು ಮೇಲೇರಿದ್ದರೆ ಬೇರೆ ಯಂತ್ರ ತೋರಿಸಿ ಎನ್ನಿ.