ಅರ್ಜಿಯ ಮೊದಲ ಮೂರು ಸಾಲು

ಕೆಲಸ ಹುಡುಕುವವರ ಕಿವಿಗೆ ಆಗಾಗ ಬೀಳುವ ಅಂಕಿ ಒಂದಿದೆ: 6 ಸೆಕೆಂಡ್. ಅಮೆರಿಕದ ‘ದಿ ಲ್ಯಾಡರ್ಸ್’ ಎಂಬ ಉದ್ಯೋಗ ತಾಣ 2012ರಲ್ಲಿ ನೇಮಕಾತಿ ಮಾಡುವ 30 ಮಂದಿಯ ಕಣ್ಣಿನ ಓಟವನ್ನು ಯಂತ್ರದಿಂದ ಗಮನಿಸಿ ಇದನ್ನು ಹೇಳಿತು. 2018ರಲ್ಲಿ ಮತ್ತೆ ಅಳೆದಾಗ ಅದು 7.4 ಸೆಕೆಂಡ್ ಆಯಿತು. ಆದರೆ ಅವರು ಅಳೆದದ್ದು ರೆಸ್ಯೂಮೆಯ ಮೇಲೆ ಬೀಳುವ ಮೊದಲ ನೋಟವನ್ನು; ಅದರ ಜೊತೆ ಕಳಿಸುವ ಪತ್ರವನ್ನಲ್ಲ. ಪತ್ರಕ್ಕೆ ಅಷ್ಟಾದರೂ ಸಿಕ್ಕೀತೆಂಬ ಖಾತರಿ ಇಲ್ಲ.

ಆ ಮೊದಲ ನೋಟವನ್ನು ಓದು ಎನ್ನುವುದೇ ತಪ್ಪು. ಅದು ಜರಡಿ ಹಿಡಿಯುವ ಕೆಲಸ. ಒಂದು ಹುದ್ದೆಗೆ ನೂರಾರು ಅರ್ಜಿ ಬಂದಾಗ ಎಚ್‌ಆರ್‌ನವರು ಮೊದಲು ಹುಡುಕುವುದು ಯಾರನ್ನು ಬಿಡಬಹುದು ಎಂಬುದನ್ನು. ಯಾವ ಹುದ್ದೆಗೆ ಬರೆದಿದ್ದಾರೆ, ಈಗ ಏನು ಮಾಡುತ್ತಿದ್ದಾರೆ, ಜಾಹೀರಾತಿನಲ್ಲಿ ಕೇಳಿದ್ದು ಇವರಲ್ಲಿ ಇದೆಯೇ, ಯಾವಾಗ ಬಂದು ಸೇರಬಲ್ಲರು? ಇಷ್ಟಕ್ಕೆ ಉತ್ತರ ಕಂಡರೆ ಅರ್ಜಿ ಪಕ್ಕಕ್ಕೆ ಹೋಗುತ್ತದೆ, ಆಮೇಲೆ ನಿಧಾನವಾಗಿ ಓದಿಸಿಕೊಳ್ಳುತ್ತದೆ. ಮೊದಲ ಮೂರು ಸಾಲಿನಿಂದ ಕೆಲಸ ಸಿಗುವುದಿಲ್ಲ, ಎರಡನೇ ಓದು ಸಿಗುತ್ತದೆ.

ನಾವು ಶಾಲೆಯಲ್ಲಿ ಕಲಿತ ಪತ್ರದ ನಮೂನೆ ಇಲ್ಲಿ ಅಡ್ಡ ಬರುತ್ತದೆ. ‘ಇವರಿಂದ, ಇವರಿಗೆ’, ವಿಳಾಸ, ‘ಮಾನ್ಯರೇ’, ಆಮೇಲೆ ‘ತಾವು ಇಂಥ ದಿನ ಪ್ರಕಟಿಸಿದ ಜಾಹೀರಾತನ್ನು ನೋಡಿ ಈ ಅರ್ಜಿ ಸಲ್ಲಿಸುತ್ತಿದ್ದೇನೆ’. ಕಾಗದದ ಮೇಲೆ ಇದು ಚೆನ್ನ. ಮೊಬೈಲಿನ ಇನ್‌ಬಾಕ್ಸ್‌ನಲ್ಲಿ ಮೇಲ್ ತೆರೆಯುವ ಮೊದಲೇ ಕಾಣುವುದು ವಿಷಯದ ಸಾಲು ಮತ್ತು ಅದರ ಕೆಳಗೆ ಹತ್ತಾರು ಪದ ಮಾತ್ರ. ಆ ಜಾಗವನ್ನೆಲ್ಲ ವಿಳಾಸವೂ ವಂದನೆಯೂ ನುಂಗಿದರೆ ಅರ್ಜಿದಾರರು ಯಾರೆಂಬುದೇ ತಿಳಿಯುವುದಿಲ್ಲ. ತೆರೆದ ಮೇಲೂ ಕಣ್ಣು ಪೂರ್ತಿ ಸಾಗುವುದು ಹೆಚ್ಚಾಗಿ ಮೊದಲ ಸಾಲಿನಲ್ಲಿ. ಆಮೇಲೆ ಎಡ ಅಂಚು ಹಿಡಿದು ಸರಸರನೆ ಕೆಳಗಿಳಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದ ಒಂದು ಕಾರ್ಖಾನೆಗೆ ಅಕೌಂಟ್ಸ್ ಎಕ್ಸಿಕ್ಯುಟಿವ್ ಬೇಕಾಗಿದ್ದಾರೆ. ಮೂರು ವರ್ಷದ ಅನುಭವ, ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್ ಗೊತ್ತಿರಬೇಕು, ಬೇಗ ಸೇರಬೇಕು ಎಂದು ಜಾಹೀರಾತು. ತುಮಕೂರಿನ ಯುವತಿಯೊಬ್ಬಳು ಬರೆಯುತ್ತಾಳೆ: ‘ನಾನು ಶ್ರಮಜೀವಿ, ಪ್ರಾಮಾಣಿಕಳು, ತಂಡದಲ್ಲಿ ಹೊಂದಿಕೊಂಡು ದುಡಿಯಬಲ್ಲೆ. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ಕೊಟ್ಟರೆ ಚಿರಋಣಿ.’ ಸುಳ್ಳೇನೂ ಇಲ್ಲ. ಆದರೆ ಉಳಿದ ಅರ್ಜಿಗಳಲ್ಲೂ ಇದೇ ಇರುತ್ತದೆ, ಹಾಗಾಗಿ ಆರಿಸಲು ಇದರಿಂದ ಉಪಯೋಗವಿಲ್ಲ.

ಅದೇ ಯುವತಿ ಹೀಗೆ ಬರೆಯಬಹುದಿತ್ತು:

‘ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಗೆ ಅರ್ಜಿ. ನಾಲ್ಕು ವರ್ಷದಿಂದ ತುಮಕೂರಿನ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ.
ತಿಂಗಳಿಗೆ ಸುಮಾರು 400 ಬಿಲ್ ಟ್ಯಾಲಿಗೆ ಏರಿಸಿ, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ನಾನೇ ಸಿದ್ಧಪಡಿಸುತ್ತೇನೆ.
ನೋಟಿಸ್ ಅವಧಿ 30 ದಿನ. ಕೆಲಸ ಸಿಕ್ಕರೆ ಪೀಣ್ಯದ ಹತ್ತಿರವೇ ಬಂದು ಇರುತ್ತೇನೆ.’

ಮೊದಲ ಸಾಲಿಗೆ ಹುದ್ದೆಯೂ ಆಕೆಯೂ ಸೇರಿಕೊಂಡರು. ಹುದ್ದೆಯ ಹೆಸರನ್ನು ಜಾಹೀರಾತಿನಲ್ಲಿದ್ದಂತೆಯೇ ಇಟ್ಟಿದ್ದಾಳೆ. ಜರಡಿ ಹಿಡಿಯುವವರಿಗೆ ಲೆಕ್ಕಪತ್ರದ ಒಳಗು ಗೊತ್ತಿರಬೇಕೆಂದಿಲ್ಲ. ಅವರು ಪದಕ್ಕೆ ಪದ ತಾಳೆ ನೋಡುತ್ತಾರೆ. ಎರಡನೇ ಸಾಲು ಮಾತ್ರ ಲೆಕ್ಕ ವಿಭಾಗದ ಮುಖ್ಯಸ್ಥರಿಗಾಗಿ ಇದೆ. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವ ಸಂಸ್ಥೆಗೆ 11 ಮತ್ತು 20 ಎಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಿಲ್ಲ, ಆ ಗಡುವಿನ ಬಿಸಿ ಉಂಡವರೇ ಹೀಗೆ ಬರೆಯುತ್ತಾರೆಂದು ಗೊತ್ತಾಗುತ್ತದೆ. ಇಲ್ಲಿ ಒಂದೇ ಒಂದು ಕೆಲಸ ಹೇಳಿದ್ದು ನನಗೆ ಸರಿಯೆನಿಸುತ್ತದೆ. ಟಿಡಿಎಸ್, ಪೇರೋಲ್, ಆಡಿಟ್ ಎಂದು ತುರುಕಿದರೆ ಯಾವುದೂ ಕಣ್ಣಿಗೆ ನಾಟದು.

ಹೆಚ್ಚಿನವರು ಬಿಟ್ಟುಬಿಡುವುದು ಮೂರನೆಯದನ್ನು. ಅರ್ಜಿ ನೋಡಿದವರ ಮನಸ್ಸಿನಲ್ಲಿ ತುಮಕೂರು ಎಂದ ಕೂಡಲೇ ಒಂದು ಅನುಮಾನ ಏಳುತ್ತದೆ: ದಿನಾ ಓಡಾಡುತ್ತಾಳೆಯೇ, ಎಷ್ಟು ದಿನ? ಅದಕ್ಕೆ ಅಲ್ಲೇ ಉತ್ತರ ಸಿಗದಿದ್ದರೆ, ಫೋನ್ ಮಾಡಿ ಕೇಳುವ ಬದಲು ಮುಂದಿನ ಅರ್ಜಿಗೆ ಹೋಗುವುದು ಅವರಿಗೆ ಸುಲಭ. ನಿಮ್ಮ ಅರ್ಜಿಯಲ್ಲಿ ಆ ಅನುಮಾನ ಬೇರೆ ಇರಬಹುದು: ಹೆರಿಗೆಯ ನಂತರ ಎರಡು ವರ್ಷದ ಬಿಡುವು, 90 ದಿನದ ನೋಟಿಸ್, ಬೇರೆ ಉದ್ಯಮದಿಂದ ಬರುತ್ತಿರುವುದು. ‘ಎರಡು ವರ್ಷದ ಬಿಡುವಿನ ನಂತರ ಈ ತಿಂಗಳಿಂದಲೇ ಸೇರಲು ಸಿದ್ಧ’ ಎಂದರೆ ಸಾಕು, ಕಾರಣದ ಕಥೆ ಬೇಡ. ಸಂಬಳದ ನಿರೀಕ್ಷೆಯನ್ನು ಕೇಳಿದ್ದರೆ ಮಾತ್ರ ಇಲ್ಲಿ ಬರೆಯಿರಿ.

ಅನುಭವವೇ ಇಲ್ಲದ ಬಿ.ಕಾಂ. ಪದವೀಧರರು ಎರಡನೇ ಸಾಲಿಗೆ ಏನು ಹಾಕಬೇಕು? ಅಂಕಪಟ್ಟಿಯ ಶೇಕಡಾವಾರನ್ನು ರೆಸ್ಯೂಮೆ ಹೇಳುತ್ತದೆ. ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ಎರಡು ತಿಂಗಳು ಬಿಲ್ ತಾಳೆ ನೋಡಿದ್ದರೆ, ಮನೆಯವರ ಅಂಗಡಿಯ ಲೆಕ್ಕವನ್ನು ಟ್ಯಾಲಿಗೆ ತಂದಿದ್ದರೆ ಅದನ್ನೇ ಬರೆಯಬೇಕು. ಎಷ್ಟು ಬಿಲ್, ಎಷ್ಟು ತಿಂಗಳು ಎಂಬುದರ ಸಮೇತ.