ಮನೆ ಚಿಕ್ಕದು, ಬಾಡಿಗೆ ಕಡಿಮೆ

ಫ್ರೆಂಚ್ ಕಲಿಯುವ ನಮ್ಮವರು ಬಹುಕಾಲ ‘ಮೇ’ ಎಂಬ ಒಂದೇ ಪದದಲ್ಲಿ ಸಂಸಾರ ನಡೆಸುತ್ತಾರೆ. ಅದು ನಮ್ಮ ‘ಆದರೆ’ಯ ಹಾಗೆ, ಎಲ್ಲಿಟ್ಟರೂ ಹೇಗೋ ಹೊಂದಿಕೊಳ್ಳುತ್ತದೆ. ಡೆಲ್ಫ್ ಬಿ2 ಪರೀಕ್ಷೆ ಹತ್ತಿರ ಬಂದಾಗ ಮಾತ್ರ ತೊಡಕು ಶುರು. ಅಲ್ಲಿ ಕನಿಷ್ಠ 250 ಪದಗಳಲ್ಲಿ ವಾದ ಮಂಡಿಸಬೇಕು. ವಾಕ್ಯಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂಬುದನ್ನೂ ನೋಡುತ್ತಾರೆ. ಆಗ ಸಪಾಂದಾಂ, ಪುರ್ತಾಂ, ದೋಂಕ್, ಆಂ ರವಾಂಶ್ ಎಂದು ಪಟ್ಟಿ ಉರುಹೊಡೆದು ಸಿಕ್ಕಸಿಕ್ಕಲ್ಲಿ ಸಿಕ್ಕಿಸುವುದೇ ಹೆಚ್ಚು.

ಎರಡು ಸಂಗತಿ ತೆಗೆದುಕೊಳ್ಳಿ: ಮನೆ ಚಿಕ್ಕದು, ಬಾಡಿಗೆ ಕಡಿಮೆ. ನಡುವೆ ದೋಂಕ್ ಇಟ್ಟರೆ, ಚಿಕ್ಕದಾಗಿರುವುದರಿಂದಲೇ ಬಾಡಿಗೆ ಕಡಿಮೆ ಎಂದಾಯಿತು. ಅದೇ ಜಾಗಕ್ಕೆ ಆಂ ರವಾಂಶ್ ಬಂದರೆ ಕಾರಣದ ಮಾತೇ ಇಲ್ಲ. ಜಾಗ ಸಾಲದು ಎಂಬ ಕೊರತೆಯನ್ನು ಬಾಡಿಗೆ ತುಂಬಿಕೊಟ್ಟಿತು, ಅಷ್ಟೆ. ಪುರ್ತಾಂ ಇಟ್ಟರೆ ಓದುಗ ಬೆಚ್ಚುತ್ತಾನೆ. ಚಿಕ್ಕ ಮನೆಗೆ ಬಾಡಿಗೆ ಹೆಚ್ಚಿರಬೇಕಿತ್ತೇ ಎಂದು ಕೇಳುತ್ತಾನೆ. ಏಕೆಂದರೆ ಪುರ್ತಾಂ ಬರುವುದು ನಿರೀಕ್ಷೆ ಸುಳ್ಳಾದಾಗ: ಮನೆ ಚಿಕ್ಕದು, ಪುರ್ತಾಂ ಬಾಡಿಗೆ ದುಬಾರಿ. ಸಂಗತಿಗಳು ಬದಲಾಗದಿದ್ದರೂ, ಅವುಗಳ ನಂಟಿನ ಬಗ್ಗೆ ಬರೆಯುವವನು ಹೊರುವ ಹೊಣೆ ಪ್ರತಿ ಸಲವೂ ಬೇರೆ.

ಸಪಾಂದಾಂ ಇವುಗಳಿಗಿಂತ ಸೌಮ್ಯ. ಹೇಳಿದ್ದನ್ನು ಒಪ್ಪಿಕೊಂಡೇ ಅದಕ್ಕೊಂದು ಮಿತಿ ಹಾಕುತ್ತದೆ: ಯೋಜನೆ ಚೆನ್ನಾಗಿದೆ, ಸಪಾಂದಾಂ ಖರ್ಚಿನ ಲೆಕ್ಕ ಪೂರ್ತಿಯಾಗಿಲ್ಲ. ಕಚೇರಿ ಪತ್ರಕ್ಕೂ ಪತ್ರಿಕೆಯ ಲೇಖನಕ್ಕೂ ಒಪ್ಪುತ್ತದೆ, ಕಾಫಿ ಕುಡಿಯುತ್ತಾ ಆಡುವ ಮಾತಿನಲ್ಲಿ ತುಸು ಬಿಗಿ ಅನ್ನಿಸುತ್ತದೆ.

ಆಂ ರವಾಂಶ್‌ಗೆ ಪಾರ್ ಕೋಂತ್ರ್ ಎಂಬ ದಾಯಾದಿ ಉಂಟು. ವೋಲ್ತೇರನ ಆಕ್ಷೇಪವನ್ನು ಹಿಡಿದು ನಿಘಂಟುಕಾರ ಲಿತ್ರೆ ಅದನ್ನು ತಳ್ಳಿಹಾಕಿದ್ದ. ಕೆಲವು ಮೇಷ್ಟ್ರುಗಳು ಇಂದಿಗೂ ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ. ಕಾದಂಬರಿಕಾರ ಆಂದ್ರೆ ಜೀದ್ ಮಾತ್ರ ಅದರ ಪರ ನಿಂತ. ಯುದ್ಧದಿಂದ ಗಂಡನೂ ತಮ್ಮನೂ ಕ್ಷೇಮವಾಗಿ ಮರಳಿದರು, ಇಬ್ಬರು ಮಕ್ಕಳು ಮಾತ್ರ ಸತ್ತರು ಎನ್ನುವ ಹೆಂಗಸು ಅಲ್ಲಿ ಆಂ ರವಾಂಶ್ ಬಳಸುವುದು ಸರಿಯೇ ಎಂಬುದು ಅವನ ಪ್ರಶ್ನೆ. ಮಕ್ಕಳ ಸಾವು ಯಾವುದಕ್ಕೂ ಪರಿಹಾರವಲ್ಲವಲ್ಲ! ನನಗೆ ಜೀದನ ವಾದವೇ ಸರಿ ಕಾಣುತ್ತದೆ. ಲಾಭದಿಂದ ನಷ್ಟದ ಕಡೆ ಹೊರಳುವ ಮಾತಿಗೆ ಪಾರ್ ಕೋಂತ್ರ್ ಇರಲಿ. ಆದರೆ ಪರೀಕ್ಷೆಯ ದಿನ ಆ ಜಗಳ ನಿಮಗೆ ಬೇಡ, ವಾಕ್ಯವನ್ನೇ ತಿರುಗಿಸಿ ಬರೆಯಿರಿ.

ಹೆಚ್ಚು ಕೈಕೊಡುವುದು ದೋಂಕ್. ಕಾರಣ ಹೇಳದೆಯೇ ತೀರ್ಮಾನಕ್ಕೆ ಬಂದವರು ಅದನ್ನು ಮುಂದಿಟ್ಟು ದಾಟಿಕೊಳ್ಳಲು ನೋಡುತ್ತಾರೆ. ಬರೆದು ಮುಗಿದ ಮೇಲೆ ದೋಂಕ್ ಇರುವ ಪ್ರತಿ ವಾಕ್ಯಕ್ಕೂ ‘ಯಾಕೆ?’ ಎಂದು ಕೇಳಿ. ಹಿಂದಿನ ವಾಕ್ಯಗಳಲ್ಲಿ ಉತ್ತರ ಸಿಗದಿದ್ದರೆ ಕಾರಣವನ್ನು ಬರೆದು ಸೇರಿಸಿ, ಇಲ್ಲವೇ ಆ ದೋಂಕ್ ಹೊಡೆದುಹಾಕಿ.