ಮೊಡವೆಯ ಮಾತ್ರೆಗೆ ಮೂರು ತಿಂಗಳ ಗಡುವು

ಮೊಡವೆಗೆಂದು ಚರ್ಮವೈದ್ಯರು ಬರೆದುಕೊಟ್ಟ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಎಷ್ಟು ದಿನ ನುಂಗಬೇಕು? ಕೆಲವರು ಒಂದು ಸ್ಟ್ರಿಪ್ ಮುಗಿಯುವಷ್ಟರಲ್ಲಿ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಹಳೆಯ ಚೀಟಿಯನ್ನೇ ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ತೋರಿಸಿ ವರ್ಷಗಟ್ಟಲೆ ತರಿಸಿಕೊಳ್ಳುತ್ತಾರೆ. ಎರಡೂ ತಪ್ಪು. ಈ ಮಾತ್ರೆಯ ಅವಧಿ ಸಾಮಾನ್ಯವಾಗಿ ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು. ಅಷ್ಟು ದಿನ ಬೇಕೇ ಬೇಕು. ಅದಕ್ಕಿಂತ ಹೆಚ್ಚು ದಿನ ಎಳೆದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಯಾರಿಗೆ ಈ ಮಾತ್ರೆ?

ಮೂಗಿನ ಮೇಲೆ, ಹಣೆಯ ಮೇಲೆ ಬರೀ ಕಪ್ಪು ಅಥವಾ ಬಿಳಿ ಚುಕ್ಕೆಗಳಿದ್ದರೆ ಮಾತ್ರೆ ಬೇಡ, ಹಚ್ಚುವ ಔಷಧಿ ಸಾಕು. ಕೆನ್ನೆ, ಗಲ್ಲದ ತುಂಬ ಕೆಂಪು ಗುಳ್ಳೆಗಳೆದ್ದು ಕೆಲವು ಕೀವು ತುಂಬಿಕೊಂಡಿದ್ದರೆ, ಬೆನ್ನು ಭುಜಗಳಿಗೂ ಹರಡಿದ್ದರೆ, ಅದು ಮಧ್ಯಮ ತೀವ್ರತೆಯ ಮೊಡವೆ. ಡಾಕ್ಸಿಸೈಕ್ಲಿನ್ ಅಥವಾ ಮಿನೋಸೈಕ್ಲಿನ್ ಬರುವುದು ಈ ಹಂತದಲ್ಲಿ. ಚರ್ಮದಾಳದಲ್ಲಿ ಗಂಟುಗಟ್ಟಿ ಗುಳಿ ಬೀಳಿಸುವ ಮೊಡವೆಗೆ ಇವು ಸಾಲುವುದಿಲ್ಲ. ಅಲ್ಲಿ ಐಸೊಟ್ರೆಟಿನಾಯಿನ್‌ನಂಥ ಬೇರೆ ಔಷಧಿಯನ್ನು ತಡಮಾಡದೆ ಯೋಚಿಸಬೇಕಾಗುತ್ತದೆ.

ಮೊಡವೆ ಶುರುವಾಗುವುದು ರೋಮಕೂಪದ ಬಾಯಿ ಕಟ್ಟಿಕೊಳ್ಳುವುದರಿಂದ. ಒಳಗೆ ಜಿಡ್ಡು ನಿಲ್ಲುತ್ತದೆ. ಆ ಜಿಡ್ಡನ್ನು ತಿಂದು ಬದುಕುವ ಕ್ಯುಟಿಬ್ಯಾಕ್ಟೀರಿಯಂ ಆ್ಯಕ್ನೆಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚುತ್ತದೆ, ದೇಹ ಅದರ ಮೇಲೆ ತಿರುಗಿಬಿದ್ದಾಗ ಗುಳ್ಳೆ ಕೆಂಪಾಗಿ ಊದಿಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ಹೊರಗಿನಿಂದ ಬಂದ ರೋಗಾಣುವಲ್ಲ, ಮೊಡವೆಯಿಲ್ಲದವರ ಮುಖದ ಮೇಲೂ ಇರುತ್ತದೆ. ಹಾಗಾಗಿ ಟೈಫಾಯ್ಡ್‌ನಲ್ಲಿ ಮಾಡುವಂತೆ ಅದನ್ನು ಬೇರುಸಹಿತ ತೆಗೆಯುವುದು ಇಲ್ಲಿನ ಗುರಿಯೇ ಅಲ್ಲ. ಡಾಕ್ಸಿಸೈಕ್ಲಿನ್ ಅದರ ಸಂಖ್ಯೆಯನ್ನು ಇಳಿಸುತ್ತದೆ, ಜೊತೆಗೆ ಊತವನ್ನೂ ನೇರವಾಗಿ ತಗ್ಗಿಸುತ್ತದೆ. ಆದರೆ ಕಟ್ಟಿಕೊಂಡ ರೋಮಕೂಪವನ್ನು ತೆರೆಯುವ ಶಕ್ತಿ ಅದಕ್ಕಿಲ್ಲ. ಆ ಕೆಲಸ ಹಚ್ಚುವ ಔಷಧಿಯದು. ಮಾತ್ರೆಯೊಂದನ್ನೇ ನುಂಗಿದವರ ಮೊಡವೆ ಮಾತ್ರೆ ಬಿಟ್ಟ ಮೇಲೆ ಮರಳಿ ಬರುವುದು ಇದೇ ಕಾರಣಕ್ಕೆ.

ಹನ್ನೆರಡು ವಾರಗಳ ದಾರಿ

ದಾವಣಗೆರೆಯಲ್ಲಿ ಓದುತ್ತಿರುವ 20 ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮುಖದ ಮೇಲೆ ಎಣಿಸಿದರೆ 28 ಕೆಂಪು ಗುಳ್ಳೆ, ಬೆನ್ನ ಮೇಲೆ ಇನ್ನೊಂದಷ್ಟು. ಅವಳು ಗರ್ಭಿಣಿಯಲ್ಲ ಎಂಬುದನ್ನು ವೈದ್ಯರು ಮೊದಲು ಖಚಿತಪಡಿಸಿಕೊಳ್ಳುತ್ತಾರೆ. ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಮೊಡವೆಗೆಂದು ಈ ಗುಂಪಿನ ಔಷಧಿ ಕೊಡುವುದಿಲ್ಲ. ಬೆಳೆಯುತ್ತಿರುವ ಹಲ್ಲಿನ ಬಣ್ಣ ಶಾಶ್ವತವಾಗಿ ಕೆಡಬಹುದು. ನಂತರ ಚೀಟಿಯಲ್ಲಿ ಮೂರು ಸಾಲು ಬರೆಯುತ್ತಾರೆ: ದಿನಕ್ಕೊಂದು 100 ಮಿಲಿಗ್ರಾಂ ಡಾಕ್ಸಿಸೈಕ್ಲಿನ್, ಬೆಳಿಗ್ಗೆ ಹಚ್ಚಲು 2.5 ಶೇಕಡ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್, ರಾತ್ರಿ ಹಚ್ಚಲು 0.1 ಶೇಕಡ ಅಡಾಪಲೀನ್ ಜೆಲ್.

ಈ ಮಾತ್ರೆಯನ್ನು ನುಂಗುವುದಕ್ಕೂ ಒಂದು ರೀತಿಯಿದೆ. ರಾತ್ರಿ ಮಲಗುವ ಹೊತ್ತಿಗೆ ಒಂದು ಗುಟುಕು ನೀರಿನಲ್ಲಿ ನುಂಗಿ ಹಾಸಿಗೆಗೆ ಒರಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಅಲ್ಲೇ ಕರಗುತ್ತದೆ. ಅದು ಆಮ್ಲೀಯವಾದ್ದರಿಂದ ಒಳಪದರ ಸುಟ್ಟು ಹುಣ್ಣಾಗುತ್ತದೆ. ಮರುದಿನ ಎದೆಯ ನಡುವೆ ಚುಚ್ಚುವ ನೋವು, ಅನ್ನ ನುಂಗಿದರೂ ಉರಿ. ತಿಂಡಿಯಾದ ಮೇಲೆ ನೇರವಾಗಿ ಕೂತು, ಒಂದು ಲೋಟ ತುಂಬ ನೀರು ಕುಡಿಯುತ್ತ ನುಂಗಿ, ಮುಂದಿನ ಅರ್ಧದಿಂದ ಒಂದು ಗಂಟೆ ಮಲಗದಿದ್ದರೆ ಈ ತೊಂದರೆಯನ್ನು ತಪ್ಪಿಸಬಹುದು. ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಯನ್ನೋ ಗ್ಯಾಸ್ಟ್ರಿಕ್‌ಗೆ ಆ್ಯಂಟಾಸಿಡನ್ನೋ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ಅವು ಡಾಕ್ಸಿಸೈಕ್ಲಿನ್‌ಗೆ ಅಂಟಿಕೊಂಡು ಅದು ರಕ್ತ ಸೇರದಂತೆ ತಡೆಯುತ್ತವೆ. ಬಿಸಿಲಿಗೆ ಚರ್ಮ ಬೇಗ ಸುಡುವುದರಿಂದ ಕೊಡೆಯೋ ಸನ್‌ಸ್ಕ್ರೀನೋ ಬೇಕು.

ಮೊದಲ ಎರಡು ವಾರ ಏನೂ ಬದಲಾಗುವುದಿಲ್ಲ. ಜೆಲ್‌ಗಳಿಂದ ಚರ್ಮ ಒಣಗಿ, ಸಿಪ್ಪೆ ಎದ್ದು, ಸ್ವಲ್ಪ ಉರಿಯುತ್ತದೆ. ಎಷ್ಟೋ ಜನ ಜೆಲ್ ಬಿಟ್ಟು ಮಾತ್ರೆ ಮಾತ್ರ ಉಳಿಸಿಕೊಳ್ಳುವ ಮನಸ್ಸು ಮಾಡುವುದು ಈ ಹೊತ್ತಿನಲ್ಲೇ. ಹಾಗೆ ಮಾಡಬಾರದು. ಬಟಾಣಿ ಕಾಳಿನಷ್ಟು ಜೆಲ್ ಇಡೀ ಮುಖಕ್ಕೆ ಸಾಕು. ಉರಿ ಹೆಚ್ಚಾದರೆ ಕೆಲವು ದಿನ ದಿನ ಬಿಟ್ಟು ದಿನ ಹಚ್ಚಿ, ಮಾಯಿಶ್ಚರೈಸರ್ ಬಳಸಿ, ಮತ್ತೆ ದಿನವೂ ಹಚ್ಚುವ ಕ್ರಮಕ್ಕೆ ಬರಬಹುದು. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ಹೊಡೆಯುತ್ತದೆ, ಆದ್ದರಿಂದ ದಿಂಬಿಗೂ ಮುಖ ಒರೆಸುವುದಕ್ಕೂ ಬಿಳಿ ಬಟ್ಟೆ ಒಳ್ಳೆಯದು.

ನಮ್ಮ ವಿದ್ಯಾರ್ಥಿನಿಯ 28 ಗುಳ್ಳೆ ನಾಲ್ಕನೆಯ ವಾರ 21ಕ್ಕೆ ಇಳಿದಿದೆ ಎಂದುಕೊಳ್ಳಿ. ಎಂಟನೆಯ ವಾರ 12, ಹನ್ನೆರಡನೆಯ ವಾರ 5. ಇಳಿಕೆ ಇಷ್ಟು ನಿಧಾನವಾಗಲು ಕಾರಣವಿದೆ: ಇಂದು ಮುಖದ ಮೇಲೆ ಏಳುವ ಗುಳ್ಳೆ ಚರ್ಮದೊಳಗೆ ವಾರಗಟ್ಟಲೆ ಹಿಂದೆಯೇ ಶುರುವಾಗಿರುತ್ತದೆ. ಹನ್ನೆರಡನೆಯ ವಾರ ವೈದ್ಯರು ನೋಡಿ ಮಾತ್ರೆ ನಿಲ್ಲಿಸುತ್ತಾರೆ, ಜೆಲ್‌ಗಳನ್ನು ಮುಂದುವರಿಸುತ್ತಾರೆ. ಇನ್ನೂ 5 ಗುಳ್ಳೆ ಉಳಿದಿವೆಯಲ್ಲ ಎಂದರೆ, ಅವನ್ನು ಹತೋಟಿಯಲ್ಲಿಡಲು ಜೆಲ್ ಸಾಕು.

ಹುಡುಗಿಗೆ ಮಾತ್ರ ಸಮಾಧಾನವಾಗುವುದಿಲ್ಲ. ಕನ್ನಡಿಯಲ್ಲಿ ಮುಖದ ತುಂಬ ಕಪ್ಪು ಕಲೆಗಳು. ನಮ್ಮಂಥ ಕಂದು ಚರ್ಮದಲ್ಲಿ ಗುಳ್ಳೆ ಇಳಿದ ಜಾಗದಲ್ಲಿ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನೇ ಮೊಡವೆ ಎಂದುಕೊಂಡು ಎಷ್ಟೋ ಜನ ಮಾತ್ರೆ ಮುಂದುವರಿಸುತ್ತಾರೆ. ಪರೀಕ್ಷೆ ಸುಲಭ. ಕಣ್ಣು ಮುಚ್ಚಿ ಬೆರಳನ್ನು ಮೆಲ್ಲಗೆ ಆಡಿಸಿದಾಗ ಉಬ್ಬಿಲ್ಲದೆ, ನೋವಿಲ್ಲದೆ ಸಮತಟ್ಟಾಗಿದ್ದರೆ ಅದು ಕಲೆ. ಕಲೆಗೆ ಡಾಕ್ಸಿಸೈಕ್ಲಿನ್ ಏನೂ ಮಾಡುವುದಿಲ್ಲ. ಅದಕ್ಕೆ ಬೇಕಾದದ್ದು ಅಡಾಪಲೀನ್, ಸನ್‌ಸ್ಕ್ರೀನ್ ಮತ್ತು ಸಮಯ.

ಯಾಕೆ ಇಷ್ಟು ಕಟ್ಟುನಿಟ್ಟು?

ಕೋಟ್ಯಂತರ ಬ್ಯಾಕ್ಟೀರಿಯಾಗಳ ನಡುವೆ, ಡಾಕ್ಸಿಸೈಕ್ಲಿನ್ ಹಿಡಿತಕ್ಕೆ ಸಿಗದಂತೆ ತನ್ನ ಪ್ರೋಟೀನ್ ತಯಾರಿಕೆಯ ಯಂತ್ರದಲ್ಲಿ ಸಣ್ಣ ಬದಲಾವಣೆಯಾದ ಒಂದೆರಡು ಹುಟ್ಟಿಕೊಳ್ಳುತ್ತವೆ. ಔಷಧಿ ಉಳಿದವನ್ನು ತಗ್ಗಿಸಿದಾಗ ತೆರವಾದ ಜಾಗದಲ್ಲಿ ಇವು ಬೆಳೆಯುತ್ತವೆ. ಔಷಧಿ ಹೆಚ್ಚು ತಿಂಗಳು ನಡೆದಷ್ಟೂ ಇವುಗಳ ಪಾಲು ಹೆಚ್ಚುತ್ತದೆ. ಮೊಡವೆಯ ಬ್ಯಾಕ್ಟೀರಿಯಾದಲ್ಲಿ ಇಂಥ ಪ್ರತಿರೋಧ ವರದಿಯಾಗಿದ್ದು 1979ರಲ್ಲಿ, ಎರಿಥ್ರೋಮೈಸಿನ್ ಮತ್ತು ಕ್ಲಿಂಡಾಮೈಸಿನ್ ಹಚ್ಚಿಕೊಳ್ಳುತ್ತಿದ್ದವರಲ್ಲಿ. ಇಂಗ್ಲೆಂಡಿನ ಲೀಡ್ಸ್‌ನ ಚರ್ಮರೋಗ ತಜ್ಞರು ತಮ್ಮಲ್ಲಿಗೆ ಬರುವ ಮೊಡವೆ ರೋಗಿಗಳನ್ನು ವರ್ಷ ವರ್ಷವೂ ಪರೀಕ್ಷಿಸಿದರು. ಯಾವುದಾದರೂ ಒಂದು ಆ್ಯಂಟಿಬಯೋಟಿಕ್‌ಗೆ ಬಗ್ಗದ ತಳಿ ಇದ್ದವರು 1991ರಲ್ಲಿ ಸುಮಾರು ಮೂರರಲ್ಲಿ ಒಬ್ಬರಾಗಿದ್ದರೆ 1997ರಲ್ಲಿ ಸುಮಾರು ಮೂರರಲ್ಲಿ ಇಬ್ಬರಾಗಿದ್ದರು. ಹೆಚ್ಚು ಸೋತದ್ದು ಎರಿಥ್ರೋಮೈಸಿನ್ ಗುಂಪು. ಅದಕ್ಕೆ ಹೋಲಿಸಿದರೆ ಡಾಕ್ಸಿಸೈಕ್ಲಿನ್ ಗುಂಪಿನ ಬಲ ಇನ್ನೂ ಉಳಿದಿದೆ.

ನುಂಗಿದ ಮಾತ್ರೆ ಮೊಡವೆಯನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಕರುಳು, ಮೂಗು, ಗಂಟಲಿನ ಬ್ಯಾಕ್ಟೀರಿಯಾಗಳ ಮೇಲೂ ದಿನವೂ ಅದರ ಪ್ರಭಾವ ಬೀಳುತ್ತದೆ. ಹಾಗೆ ಪ್ರತಿರೋಧ ಕಲಿತ ಕೆಲವು ತಳಿಗಳು ಮುಂದೆ ಬೇರೆ ಕಾಯಿಲೆ ತರಬಲ್ಲವು. ಚಿಕಿತ್ಸೆಯನ್ನೇ ತೆಗೆದುಕೊಳ್ಳದ ಮನೆಯವರ ಚರ್ಮದ ಮೇಲೂ ಪ್ರತಿರೋಧಿ ತಳಿಗಳು ಸಿಕ್ಕಿವೆ. ಮಲೆನಾಡು ಕರಾವಳಿಗಳಲ್ಲಿ ಇಲಿಜ್ವರಕ್ಕೆ ವೈದ್ಯರು ಕೊಡುವುದೂ ಇದೇ ಡಾಕ್ಸಿಸೈಕ್ಲಿನ್. ಇದು ಮುಖದ ಅಂದಕ್ಕಷ್ಟೇ ಮೀಸಲಾದ ಔಷಧಿಯಲ್ಲ.

ತಡೆಯುವ ದಾರಿ ಚೀಟಿಯಲ್ಲೇ ಇದೆ. ಬೆಂಜಾಯಿಲ್ ಪೆರಾಕ್ಸೈಡ್ ಆಮ್ಲಜನಕದ ಹೊಡೆತದಿಂದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಇದಕ್ಕೆ ಪ್ರತಿರೋಧ ಬೆಳೆಸಿಕೊಂಡ ಮೊಡವೆಯ ಬ್ಯಾಕ್ಟೀರಿಯಾ ಈವರೆಗೆ ಕಂಡಿಲ್ಲ. ಡಾಕ್ಸಿಸೈಕ್ಲಿನ್‌ಗೆ ಬಗ್ಗದ ತಳಿಯನ್ನೂ ಅದು ಬಿಡುವುದಿಲ್ಲ. ಮಾತ್ರೆಯ ಜೊತೆ ಈ ಜೆಲ್ ಕಡ್ಡಾಯ ಎನ್ನುವುದು ಇದಕ್ಕಾಗಿ. ಇನ್ನೊಂದು ಎಚ್ಚರ: ಮನೆಯಲ್ಲಿರುವ ಟ್ಯೂಬಿನ ಮೇಲೆ ಕ್ಲಿಂಡಾಮೈಸಿನ್ ಎಂದು ಬರೆದಿದೆಯೇ ನೋಡಿ. ನುಂಗುವುದೂ ಆ್ಯಂಟಿಬಯೋಟಿಕ್, ಹಚ್ಚುವುದೂ ಆ್ಯಂಟಿಬಯೋಟಿಕ್ ಎಂದಾದರೆ ಗುಣ ಇಮ್ಮಡಿಯಾಗುವುದಿಲ್ಲ, ಪ್ರತಿರೋಧಕ್ಕೆ ಎರಡು ಬಾಗಿಲು ತೆರೆದಂತಾಗುತ್ತದೆ.

ಹನ್ನೆರಡು ವಾರವಾದರೂ ಇಳಿಯದಿದ್ದರೆ

ಮಾತ್ರೆಯ ಪ್ರಮಾಣ ಹೆಚ್ಚಿಸುವುದಕ್ಕೂ ಇನ್ನೊಂದು ಆ್ಯಂಟಿಬಯೋಟಿಕ್‌ಗೆ ಹಾರುವುದಕ್ಕೂ ಮೊದಲು ಕಾರಣ ಹುಡುಕಬೇಕು. ಜೆಲ್ ಬಿಟ್ಟದ್ದು ಸಾಮಾನ್ಯ ಕಾರಣ. ಬೆಳ್ಳಗಾಗಲೆಂದು ಸ್ಟಿರಾಯ್ಡ್ ಬೆರೆತ ಕ್ರೀಮ್ ಹಚ್ಚುತ್ತಿದ್ದರೆ ಅದೇ ಮೊಡವೆ ಎಬ್ಬಿಸುತ್ತದೆ. ಮುಟ್ಟು ಏರುಪೇರಾಗಿ ಗಲ್ಲದ ಮೇಲೆ ಕೂದಲು ಬೆಳೆಯುತ್ತಿದ್ದರೆ ಪಿಸಿಒಎಸ್ ಪರೀಕ್ಷೆ ಬೇಕು. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಗಾತ್ರದ ಸಣ್ಣ ಗುಳ್ಳೆಗಳೆದ್ದು ತುರಿಸುತ್ತಿದ್ದರೆ ಅದು ಮೊಡವೆಯಲ್ಲ, ಮಲಸ್ಸೀಜಿಯಾ ಎಂಬ ಶಿಲೀಂಧ್ರದ ಕೆಲಸವಿರಬಹುದು, ಆ್ಯಂಟಿಬಯೋಟಿಕ್‌ನಿಂದ ಅದು ಇನ್ನೂ ಕೆರಳುತ್ತದೆ. ಮೊದಲು ಚೆನ್ನಾಗಿ ಇಳಿದಿದ್ದು, ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ ಮೂಗು ಬಾಯಿಯ ಸುತ್ತ ಹೊಸದಾಗಿ ಕೀವು ಗುಳ್ಳೆ ಏಳತೊಡಗಿದರೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡ ಅನುಮಾನ ಪಡಬೇಕು. ಇವು ಯಾವುವೂ ಅಲ್ಲವೆಂದಾದಾಗ, ಅಥವಾ ಮಾತ್ರೆ ಬಿಟ್ಟಾಗಲೆಲ್ಲ ಮೊಡವೆ ಮರಳುತ್ತಿದ್ದಾಗ, ಐಸೊಟ್ರೆಟಿನಾಯಿನ್ ಅಥವಾ ಹೆಣ್ಣುಮಕ್ಕಳಿಗೆ ಹಾರ್ಮೋನ್ ಚಿಕಿತ್ಸೆಯ ಮಾತು ಬರುತ್ತದೆ. ಐಸೊಟ್ರೆಟಿನಾಯಿನ್ ಶುರುಮಾಡುವಾಗ ಡಾಕ್ಸಿಸೈಕ್ಲಿನ್ ನಿಲ್ಲಿಸಲೇಬೇಕು. ಎರಡೂ ಜೊತೆಗೂಡಿದರೆ ತಲೆಬುರುಡೆಯೊಳಗಿನ ಒತ್ತಡ ಏರುವ ಅಪಾಯವಿದೆ. ಡಾಕ್ಸಿಸೈಕ್ಲಿನ್ ಒಂದನ್ನೇ ನುಂಗುತ್ತಿದ್ದರೂ ಬಿಡದ ತಲೆನೋವಿನ ಜೊತೆ ಕಣ್ಣು ಮಂಜಾದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು.

ಮಿನೋಸೈಕ್ಲಿನ್ ಇನ್ನೂ ಬಲವಾದದ್ದು ಎಂಬ ಮಾತು ಚಾಲ್ತಿಯಲ್ಲಿದೆ. ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ 2012ರ ಕಾಕ್ರೇನ್ ಪರಿಶೀಲನೆಗೆ, ಅದು ಉಳಿದವಕ್ಕಿಂತ ಮೇಲು ಎನ್ನಲು ಪುರಾವೆ ಸಿಗಲಿಲ್ಲ. ತಲೆ ಸುತ್ತು, ದೀರ್ಘ ಬಳಕೆಯಲ್ಲಿ ಹಳೆಯ ಕಲೆಗಳ ಮೇಲೆ ನೀಲಿ ಬೂದು ಬಣ್ಣ, ಅಪರೂಪಕ್ಕೆ ಯಕೃತ್ತಿನ ಉರಿಯೂತ, ಕೀಲುನೋವಿನ ಲೂಪಸ್‌ನಂಥ ಕಾಯಿಲೆ ಅದರಿಂದ ಬರುವುದುಂಟು. ಆದ್ದರಿಂದ ಹೆಚ್ಚಿನವರಿಗೆ ಡಾಕ್ಸಿಸೈಕ್ಲಿನ್ನೇ ಮೊದಲ ಆಯ್ಕೆ.

ಮೊದಲ ದಿನ ಚೀಟಿ ಕೈಗೆ ಬಂದಾಗಲೇ ವೈದ್ಯರನ್ನು ಕೇಳಿ: ಈ ಮಾತ್ರೆಯನ್ನು ಯಾವ ತಾರೀಖಿಗೆ ನಿಲ್ಲಿಸಬೇಕು? ಆ ತಾರೀಖನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಅದಾದ ಮೇಲೆ ಆ ಚೀಟಿಯನ್ನು ಮೆಡಿಕಲ್ ಶಾಪಿಗೆ ಒಯ್ಯಬೇಡಿ, ಅದೇ ಮಾತ್ರೆಯನ್ನು ತಂಗಿಗೋ ಗೆಳೆಯನಿಗೋ ಕೊಡಬೇಡಿ. ಜೆಲ್ ಮಾತ್ರ ಬಿಡಬೇಡಿ.